ಕಾಮಗಾರಿಗೆ ಗಡುವು ಸಿಕ್ಕಿತು, ಗ್ಯಾರಂಟಿಗೆ?

ಮಳೆಯಿಂದ ಕೆಲಸ ನಿಂತಿತೆಂದು ಇಲಾಖೆ ಗುತ್ತಿಗೆದಾರನಿಗೆ ಆರು ತಿಂಗಳು ಹೆಚ್ಚುವರಿ ಕಾಲಾವಕಾಶ ಕೊಡುತ್ತದೆ. ಆದೇಶ ಕೈಸೇರಿದರೆ ಎಲ್ಲ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಕೆಲಸಕ್ಕೆ ಭದ್ರತೆಯಾಗಿ ಕೊಟ್ಟ ಬ್ಯಾಂಕ್ ಗ್ಯಾರಂಟಿಯ ದಿನಾಂಕ ಆ ಆದೇಶದಿಂದ ತಾನಾಗಿ ಮುಂದೆ ಹೋಗುವುದಿಲ್ಲ. ಗ್ಯಾರಂಟಿ ಬ್ಯಾಂಕು ಇಲಾಖೆಗೆ ಕೊಟ್ಟ ಪ್ರತ್ಯೇಕ ಮಾತು. ಅದನ್ನು ಬದಲಿಸಲು ಗುತ್ತಿಗೆದಾರನೇ ಬ್ಯಾಂಕಿಗೆ ಪತ್ರ ಬರೆಯಬೇಕು.

ಒಂದು ಉದಾಹರಣೆ ನೋಡೋಣ. ಎರಡು ಕೋಟಿ ರೂಪಾಯಿಯ ರಸ್ತೆ ಕಾಮಗಾರಿ, ಶೇ. 5ರಂತೆ 10 ಲಕ್ಷದ ಗ್ಯಾರಂಟಿ. ಕೆಲಸ ಮುಗಿಯಬೇಕಾದ ದಿನ 2025ರ ಮಾರ್ಚ್ 31. ಅದರ ಮೇಲೆ 60 ದಿನ ಗ್ಯಾರಂಟಿ ಚಾಲ್ತಿಯಲ್ಲಿರಬೇಕೆಂಬುದು ಕರಾರು. ಹಾಗಾಗಿ ಅದು ಮೇ 30ಕ್ಕೆ ಮುಗಿಯುತ್ತದೆ. ಗಡುವು ಸೆಪ್ಟೆಂಬರ್ 30ಕ್ಕೆ ಹೋದರೆ, ಗ್ಯಾರಂಟಿ ನವೆಂಬರ್ 29ರವರೆಗೆ ಬೇಕು. ಪತ್ರದಲ್ಲಿ ಸೆಪ್ಟೆಂಬರ್ 30 ಎಂದಷ್ಟೇ ಬರೆದರೆ 60 ದಿನ ಕಮ್ಮಿಯಾಗಿ, ಇಲಾಖೆ ಅದನ್ನು ವಾಪಸ್ ಕಳಿಸಬಹುದು.

ಪತ್ರ ಚಿಕ್ಕದಿದ್ದರೆ ಸಾಕು: "ಮಾನ್ಯರೆ, ಇಲಾಖೆಯ ಪರವಾಗಿ ತಾವು ನೀಡಿರುವ 10 ಲಕ್ಷ ರೂಪಾಯಿಯ ಮೇಲ್ಕಂಡ ಗ್ಯಾರಂಟಿ 30-05-2025ರಂದು ಮುಕ್ತಾಯವಾಗಲಿದೆ. ಕಾಮಗಾರಿಯ ಅವಧಿಯನ್ನು 30-09-2025ರವರೆಗೆ ವಿಸ್ತರಿಸಿ ಇಲಾಖೆ ಆದೇಶಿಸಿದೆ, ಪ್ರತಿ ಲಗತ್ತಿಸಿದೆ. ಮೊತ್ತ ಮತ್ತು ಉಳಿದ ಷರತ್ತುಗಳನ್ನು ಬದಲಿಸದೆ ಗ್ಯಾರಂಟಿಯ ಅವಧಿಯನ್ನು 29-11-2025ರವರೆಗೆ ವಿಸ್ತರಿಸಬೇಕೆಂದು, ಅದಕ್ಕನುಗುಣವಾಗಿ ಕ್ಲೇಮು ಸಲ್ಲಿಸುವ ಕೊನೆಯ ದಿನವನ್ನೂ ಮುಂದೂಡಬೇಕೆಂದು ಕೋರುತ್ತೇವೆ. ಕಮಿಷನ್ ಹಾಗೂ ಜಿಎಸ್‌ಟಿಯನ್ನು ನಮ್ಮ ಖಾತೆಯಿಂದ ಕಡಿತ ಮಾಡಿಕೊಳ್ಳಬಹುದು." ಮೇಲೆ ವಿಷಯದ ಸಾಲಿನಲ್ಲಿ ಗ್ಯಾರಂಟಿಯ ಸಂಖ್ಯೆ, ದಿನಾಂಕ, ಕೆಳಗೆ ಅಧಿಕೃತ ಸಹಿ ಮತ್ತು ಮೊಹರು.

ಖರ್ಚನ್ನೂ ಲೆಕ್ಕ ಹಾಕಿ. ವರ್ಷಕ್ಕೆ ಶೇ. 2ರ ಕಮಿಷನ್ ಎಂದಿಟ್ಟುಕೊಂಡರೆ ಆರು ತಿಂಗಳಿಗೆ ಸುಮಾರು 10 ಸಾವಿರ, ಅದರ ಮೇಲೆ ಶೇ. 18 ಜಿಎಸ್‌ಟಿ 1,800. ಮಾರ್ಜಿನ್ ಎಂದು ಇಟ್ಟ ಠೇವಣಿಯೂ ಅಷ್ಟು ಕಾಲ ಬಿಡುಗಡೆಯಾಗದು. ಗ್ಯಾರಂಟಿಯ ಮಿತಿಗೆ ಮಂಜೂರಾತಿ ನವೀಕರಣ ಬಾಕಿಯಿದ್ದರೆ ಪತ್ರ ಶಾಖೆಯಲ್ಲೇ ನಿಲ್ಲುತ್ತದೆ.

ದೊಡ್ಡ ಅಪಾಯ ತಡವಾಗುವುದರಲ್ಲಿದೆ. ಮೇ 30 ಸಮೀಪಿಸಿದರೂ ವಿಸ್ತರಣೆ ಬರದಿದ್ದರೆ, ತನ್ನ ಭದ್ರತೆ ಕೈತಪ್ಪದಿರಲೆಂದು ಇಲಾಖೆ "ವಿಸ್ತರಿಸಿ, ಇಲ್ಲವೇ ಹಣ ಕೊಡಿ" ಎಂದು ನೇರವಾಗಿ ಬ್ಯಾಂಕಿಗೇ ಬರೆಯಬಹುದು. ಷರತ್ತಿಲ್ಲದ ಗ್ಯಾರಂಟಿಯಾದರೆ ನಿಯಮದಂತೆ ಬಂದ ಬೇಡಿಕೆಗೆ ಬ್ಯಾಂಕು ಹಣ ತೆರಲೇಬೇಕು. ಆ ಹಣವನ್ನು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡುತ್ತದೆ.

ಆದ್ದರಿಂದ ಕಾಲಾವಕಾಶದ ಆದೇಶ ಬಂದ ವಾರದಲ್ಲೇ ಅರ್ಜಿ ಕೊಡಿ; ಆದೇಶ ತಡವಾಗುವಂತಿದ್ದರೆ ಇಲಾಖೆಯ ಕೋರಿಕೆ ಪತ್ರವನ್ನಾದರೂ ಪಡೆದು ಬ್ಯಾಂಕಿಗೆ ತಲುಪಿಸಿ. ವಿಸ್ತರಣೆಯ ಮೂಲ ಪತ್ರ ಕಚೇರಿ ಸೇರಿದ ಮೇಲೆ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.