ಲಾ ಫರ್ಮ್‌ನ ಕ್ಯಾಂಪಸ್ ಸಂದರ್ಶನ: ಗಡುವು, ಡೀಲು ಮತ್ತು ಕೋರ್ಟಿನ ಒಲವು

ದೊಡ್ಡ ಲಾ ಫರ್ಮ್‌ಗಳು ಹೊಸ ವಕೀಲರನ್ನು ಹೆಚ್ಚಾಗಿ ಕಾಲೇಜಿನಿಂದಲೇ ಆರಿಸಿಕೊಳ್ಳುತ್ತವೆ. ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯಂಥ ಸಂಸ್ಥೆಗಳಲ್ಲಿ ಐದು ವರ್ಷದ ಕೋರ್ಸ್ ಮುಗಿಯುವ ಎಷ್ಟೋ ಮೊದಲೇ ಈ ನೇಮಕಾತಿ ನಡೆದುಹೋಗುತ್ತದೆ. ಮುಖ್ಯ ಫರ್ಮ್‌ಗಳು ಒಟ್ಟಿಗೆ ಬರುವ ಮೊದಲ ದಿನಕ್ಕೆ ವಿದ್ಯಾರ್ಥಿಗಳು ಇಟ್ಟ ಹೆಸರು ‘ಡೇ ಝೀರೊ’. ಸಂದರ್ಶನಕ್ಕೆ ಕೂರುವವರು ಸಾಮಾನ್ಯವಾಗಿ ಇಬ್ಬರು ಮೂವರು ಪಾರ್ಟ್ನರ್‌ಗಳು. ಅಂಕಪಟ್ಟಿ, ಇಂಟರ್ನ್‌ಶಿಪ್‌ಗಳ ವಿವರ ಅವರ ಕೈಗೆ ಮೊದಲೇ ಸೇರಿರುತ್ತದೆ. ಹಾಗಾಗಿ ಕಾನೂನಿನ ಕಲಮುಗಳು ಬಾಯಿಪಾಠ ಬರುತ್ತವೆಯೇ ಎಂದು ನೋಡುವುದು ಅವರ ಉದ್ದೇಶವಲ್ಲ. ಕೆಲಸ ಕುತ್ತಿಗೆಗೆ ಬಂದಾಗ ಈ ಹುಡುಗ ಅಥವಾ ಹುಡುಗಿ ಏನು ಮಾಡುತ್ತಾರೆ, ಇಲ್ಲಿಗೇ ಏಕೆ ಬರುತ್ತಿದ್ದಾರೆ ಎನ್ನುವ ಎರಡು ವಿಷಯಗಳ ಸುತ್ತಲೇ ಮಾತು ಸುತ್ತುತ್ತದೆ.

ಫರ್ಮ್‌ಗಳ ಆದಾಯದ ದೊಡ್ಡ ಪಾಲು ಡೀಲ್‌ಗಳಿಂದ ಬರುವುದು. ಒಂದು ಕಂಪನಿ ಇನ್ನೊಂದನ್ನು ಕೊಳ್ಳುತ್ತದೆ, ಅಥವಾ ಹೂಡಿಕೆದಾರರೊಬ್ಬರು ಕಂಪನಿಗೆ ಹಣ ಹಾಕಿ ಷೇರು ಪಡೆಯುತ್ತಾರೆ. ಇಂಥ ವ್ಯವಹಾರದಲ್ಲಿ ಹೊಸಬರ ಪಾಲಿಗೆ ಮೊದಲು ಬರುವುದು ‘ಡ್ಯೂ ಡಿಲಿಜೆನ್ಸ್’. ಕಂಪನಿಯ ಸಾಲಪತ್ರ, ಬಾಡಿಗೆ ಕರಾರು, ಲೈಸೆನ್ಸ್, ನೌಕರರ ಒಪ್ಪಂದ, ಬಾಕಿ ಇರುವ ಕೇಸು, ಇವೆಲ್ಲವನ್ನೂ ಓದಿ, ಹೂಡಿಕೆಗೆ ಎಲ್ಲಿ ತೊಡಕಿದೆ ಎಂದು ಗುರುತಿಸಿ ವರದಿ ಬರೆಯುವ ಕೆಲಸ ಅದು. ಸಿಕ್ಕ ತೊಡಕುಗಳೇ ಮುಂದೆ ಒಪ್ಪಂದದಲ್ಲಿ ಷರತ್ತುಗಳಾಗುತ್ತವೆ. ಹಣ ಬರುವ ಮುಂಚೆ ಕಂಪನಿ ಪೂರೈಸಬೇಕಾದವು ಒಂದು ಬಗೆಯವು, ಹಣ ಬಂದ ಮೇಲೆ ಇಷ್ಟು ದಿನದೊಳಗೆ ಮುಗಿಸಬೇಕಾದವು ಇನ್ನೊಂದು ಬಗೆಯವು. ಹೊರಗಿನವರಿಗೆ ಇದು ಬೇಸರದ ಓದು ಎನಿಸಬಹುದು. ಆದರೆ ನೂರು ಪುಟದ ಸಾಲಪತ್ರದಲ್ಲಿ ಅಡಗಿರುವ ಒಂದು ಸಾಲು ತಪ್ಪಿಹೋದರೆ ಇಡೀ ವ್ಯವಹಾರ ನಿಂತುಬಿಡಬಹುದು.

ಡೀಲ್‌ನ ಗಡುವುಗಳಲ್ಲಿ ಎರಡು ಜಾತಿ ಇವೆ. ಇವನ್ನು ಬೇರ್ಪಡಿಸಿ ನೋಡಬಲ್ಲ ಅಭ್ಯರ್ಥಿ ಸಂದರ್ಶನದಲ್ಲಿ ಅರ್ಧ ದಾರಿ ದಾಟಿದಂತೆ. ‘ಶುಕ್ರವಾರ ಸಹಿ ಆಗಲೇಬೇಕು’ ಎನ್ನುವುದು ಕಕ್ಷಿದಾರರು ತಾವೇ ಹಾಕಿಕೊಂಡ ಗಡುವು. ಅದಕ್ಕಾಗಿ ಇಡೀ ತಂಡ ರಾತ್ರಿ ಎರಡರವರೆಗೆ ಕೂರುವುದು ನಿಜವಾದರೂ, ಎರಡೂ ಕಡೆಯವರು ಒಪ್ಪಿದರೆ ಅದು ಸೋಮವಾರಕ್ಕೆ ಸರಿಯುತ್ತದೆ. ಕಾನೂನು ಹಾಕಿದ ಗಡುವು ಯಾರ ಒಪ್ಪಿಗೆಯಿಂದಲೂ ಸರಿಯುವುದಿಲ್ಲ. ಕಂಪನಿ ಕಾಯ್ದೆ 2013ರ 42ನೇ ಕಲಮಿನ ಪ್ರಕಾರ, ಆಯ್ದ ಹೂಡಿಕೆದಾರರಿಂದ ಷೇರಿನ ಹಣ ಪಡೆದ ಕಂಪನಿ 60 ದಿನದೊಳಗೆ ಷೇರು ಹಂಚಬೇಕು. ಹಂಚಲಾಗದಿದ್ದರೆ ಮುಂದಿನ 15 ದಿನದೊಳಗೆ ಹಣ ಮರಳಿಸಬೇಕು, ಅದೂ ತಪ್ಪಿದರೆ ಶೇ. 12ರಂತೆ ಬಡ್ಡಿ. ಹಂಚಿಕೆಯಾದ 15 ದಿನದೊಳಗೆ ಕಂಪನಿ ರಿಜಿಸ್ಟ್ರಾರ್ ಬಳಿ PAS-3 ಎಂಬ ನಮೂನೆ ಸಲ್ಲಿಸಬೇಕು. ಅಲ್ಲಿಯವರೆಗೆ ಖಾತೆಯಲ್ಲಿ ಹಣವಿದ್ದರೂ ಕಂಪನಿ ಅದನ್ನು ಮುಟ್ಟುವಂತಿಲ್ಲ. ಹೂಡಿಕೆದಾರರು ವಿದೇಶದವರಾದರೆ, ಹಂಚಿಕೆಯ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ FC-GPR ವರದಿಯೂ ಹೋಗಬೇಕು.

ಇಷ್ಟು ಸಾಮಗ್ರಿಯಿಂದ ಒಂದು ಪ್ರಶ್ನೆ ಹೇಗೆ ಹುಟ್ಟುತ್ತದೆ ಎನ್ನುವುದಕ್ಕೆ ಒಂದು ಕಲ್ಪಿತ ಉದಾಹರಣೆ. ಬೆಂಗಳೂರಿನ ಸ್ಟಾರ್ಟ್‌ಅಪ್ ಒಂದಕ್ಕೆ ಸಿಂಗಪುರದ ಹೂಡಿಕೆದಾರರಿಂದ ಮಾರ್ಚ್ 1ರಂದು ಹಣ ಬಂದಿದೆ. ಕಂಪನಿಗೆ ಒಂದು ಬ್ಯಾಂಕ್ ಸಾಲವಿದ್ದು, ಷೇರುದಾರರ ಪಾಲು ಬದಲಾಗುವ ಮುನ್ನ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕೆಂದು ಸಾಲಪತ್ರ ಹೇಳುತ್ತದೆ. ಏಪ್ರಿಲ್ 25 ಆದರೂ ಆ ಪತ್ರ ಬಂದಿಲ್ಲ. “ಷೇರು ಹಂಚಿಬಿಡೋಣ, ಪತ್ರ ಆಮೇಲೆ ತಂದರಾಯಿತು,” ಎನ್ನುತ್ತಾರೆ ಕಂಪನಿಯ ಸ್ಥಾಪಕರು. ಮೇಲಿನ ವಕೀಲರು ವಿಮಾನದಲ್ಲಿದ್ದಾರೆ. ಹೊಸ ಅಸೋಸಿಯೇಟ್ ಏನು ಮಾಡಬೇಕು?

ಒಳ್ಳೆಯ ಉತ್ತರ ದಿನ ಎಣಿಸುವುದರಿಂದ ಶುರುವಾಗುತ್ತದೆ. ಅರವತ್ತನೆಯ ದಿನ ಏಪ್ರಿಲ್ 30, ಅಂದರೆ ಕೈಯಲ್ಲಿರುವುದು ಐದೇ ದಿನ. ಒಪ್ಪಿಗೆಯಿಲ್ಲದೆ ಹಂಚಿದರೆ ಕಂಪನಿ ಸಾಲದ ಷರತ್ತು ಮುರಿದಂತಾಗಿ, ಬ್ಯಾಂಕು ಪೂರ್ತಿ ಸಾಲವನ್ನು ಒಮ್ಮೆಲೇ ಕೇಳಬಹುದು. ಹಂಚದೆ ಕೂತರೆ ಕಂಪನಿ ಕಾಯ್ದೆಯ ಗಡುವು ಮೀರುತ್ತದೆ. ಬ್ಯಾಂಕಿನಿಂದ ಪತ್ರ ತರಿಸಲು ಆ ದಿನವೇ ಪ್ರಯತ್ನ ಮುಂದುವರಿಸಬೇಕು. ಜೊತೆಗೆ ಹೂಡಿಕೆದಾರರ ಕಡೆಯ ವಕೀಲರಿಗೂ ವಿಷಯ ತಿಳಿಯಬೇಕು. ಅಪಾಯವನ್ನು ಅರಿತು, ಈ ಷರತ್ತನ್ನು ಹಂಚಿಕೆಯ ನಂತರ ಪೂರೈಸಬಹುದು ಎಂದು ಅವರು ಬರೆದುಕೊಟ್ಟರೆ ಅವರ ಮಟ್ಟಿಗೆ ತೊಡಕು ಸಡಿಲವಾಗುತ್ತದೆ. ಆದರೆ ಬ್ಯಾಂಕಿನ ಹಕ್ಕನ್ನು ಅವರು ಬಿಟ್ಟುಕೊಡಲಾರರು. ಏನೂ ಆಗದಿದ್ದರೆ ಹಣ ಮರಳಿಸಿ ಮತ್ತೆ ತರಿಸಿಕೊಳ್ಳುವುದೇ ಉಳಿದ ದಾರಿ. ಇದರಲ್ಲಿ ಯಾವುದನ್ನು ಹಿಡಿಯಬೇಕೆಂದು ತೀರ್ಮಾನಿಸುವುದು ಹೊಸ ಅಸೋಸಿಯೇಟ್‌ನ ಕೆಲಸವಲ್ಲ. ವಿಮಾನದಲ್ಲಿರುವವರು ಸಿಗದಿದ್ದರೆ ಇನ್ನೊಬ್ಬ ಪಾರ್ಟ್ನರ್‌ಗೆ ಏಪ್ರಿಲ್ 25ರಂದೇ ಫೋನ್ ಮಾಡಿ, ದಾರಿಗಳನ್ನು ಮುಂದಿಡುವುದು ಅವರ ಕೆಲಸ. 29ರ ರಾತ್ರಿ ಫೋನ್ ಮಾಡಿದರೆ ಯಾರಿಗೂ ಪ್ರಯೋಜನವಿಲ್ಲ.

ಈ ಪ್ರಶ್ನೆಯಲ್ಲಿ ಒಂದು ಗುಟ್ಟೂ ಇದೆ. ಅಚ್ಚುಕಟ್ಟಾದ ಡೀಲ್‌ನಲ್ಲಿ ಮೊದಲ ಬಗೆಯ ಷರತ್ತುಗಳೆಲ್ಲ ಪೂರೈಸಿವೆ ಎಂದು ಕಂಪನಿ ಬರೆದುಕೊಟ್ಟ ಮೇಲೆಯೇ ಹಣ ಬರುತ್ತದೆ. ಬ್ಯಾಂಕಿನ ಒಪ್ಪಿಗೆ ಬಾಕಿ ಇದ್ದಾಗ ಹಣ ಬಂದದ್ದೇ ಯಡವಟ್ಟು. “ಸರ್, ಒಪ್ಪಿಗೆ ಬರುವ ಮುಂಚೆ ಹಣ ಹೇಗೆ ಬಂತು?” ಎಂದು ತಿರುಗಿ ಕೇಳಿದ ಅಭ್ಯರ್ಥಿಯನ್ನು ಪಾರ್ಟ್ನರ್‌ಗಳು ಸುಲಭಕ್ಕೆ ಮರೆಯುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ಉತ್ತರವೂ ಆಗಾಗ ಬರುತ್ತದೆ: ಪತ್ರ ಮೇ ತಿಂಗಳಲ್ಲಿ ಬಂದರೂ ಹಿಂದಿನ ದಿನಾಂಕ ಹಾಕಿಸಿದರಾಯಿತು ಎಂಬ ಜಾಣತನ. ಸಂದರ್ಶನ ಅಲ್ಲಿಗೇ ಮುಗಿಯಿತೆಂದು ತಿಳಿಯಬಹುದು. ರಾತ್ರಿಯಿಡೀ ಕೂತು ಮುಗಿಸುತ್ತೇನೆ ಎನ್ನುವ ಉತ್ತರವೂ ಕೆಲಸಕ್ಕೆ ಬಾರದು, ಏಕೆಂದರೆ ಇಲ್ಲಿ ಕೊರತೆ ಇರುವುದು ಬ್ಯಾಂಕಿನ ಪತ್ರಕ್ಕೇ ಹೊರತು ದುಡಿಮೆಗಲ್ಲ.

ಮೂಟ್ ಕೋರ್ಟ್ ಬಹುಮಾನಗಳು, ಹೈಕೋರ್ಟ್ ವಕೀಲರ ಬಳಿ ಮಾಡಿದ ಇಂಟರ್ನ್‌ಶಿಪ್‌ಗಳು ರೆಸ್ಯೂಮೆಯಲ್ಲಿ ತುಂಬಿದ್ದರೆ ಮಾತು ಬೇರೆ ಕಡೆ ಹೊರಳುತ್ತದೆ. “ನಿಮಗೆ ಲಿಟಿಗೇಶನ್ ಇಷ್ಟ ಅನ್ನಿಸುತ್ತೆ. ಹಾಗಿದ್ದರೆ ಇಲ್ಲಿಗೇಕೆ ಬಂದಿರಿ?” ಒಲವನ್ನು ಮುಚ್ಚಿಟ್ಟು ‘ಡೀಲ್ ಅಂದರೆ ಪ್ರಾಣ’ ಎಂದವರು ಮುಂದಿನ ಎರಡು ಪ್ರಶ್ನೆಗಳಲ್ಲೇ ಸಿಕ್ಕಿಬೀಳುತ್ತಾರೆ. ಮುಚ್ಚಿಡುವ ಅಗತ್ಯವೂ ಇಲ್ಲ. ದೊಡ್ಡ ಫರ್ಮ್‌ಗಳಲ್ಲಿ ವ್ಯಾಜ್ಯಕ್ಕೆಂದೇ ಪ್ರತ್ಯೇಕ ತಂಡವಿರುತ್ತದೆ. ಕಾರಣ ಏನೆಂಬುದರ ಮೇಲೆ ಎಲ್ಲವೂ ನಿಂತಿದೆ.

ಅತಿ ದುರ್ಬಲ ಕಾರಣವೆಂದರೆ ಗಡುವಿನ ಕಾಟ ಬೇಡ ಎನ್ನುವುದು. ಕೋರ್ಟಿನಲ್ಲಿ ವಾಯಿದೆಯ ಮೇಲೆ ವಾಯಿದೆ ಸಿಗುವುದನ್ನು ಕಂಡವರಿಗೆ ಅಲ್ಲಿ ಕಾಲಕ್ಕೆ ಬೆಲೆಯಿಲ್ಲ ಎನಿಸುವುದು ಸಹಜ. ವಿಚಾರಣೆ ಮುಂದೆ ಹೋಗುವುದು ನಿಜ, ಆದರೆ ಕಾಗದ ಸಲ್ಲಿಸುವ ಗಡುವು ಬೇರೆಯದೇ ವಿಷಯ. ಸಾಮಾನ್ಯ ಸಿವಿಲ್ ದಾವೆಯಲ್ಲಿ ಪ್ರತಿವಾದಿ ತನ್ನ ಲಿಖಿತ ಹೇಳಿಕೆಯನ್ನು 30 ದಿನದಲ್ಲಿ, ಹೆಚ್ಚೆಂದರೆ 90 ದಿನದಲ್ಲಿ ಕೊಡಬೇಕು. ಸಕಾರಣವಿದ್ದರೆ ನ್ಯಾಯಾಲಯ ಅದನ್ನೂ ಸ್ವಲ್ಪ ಸಡಿಲಿಸಬಹುದು. ಆದರೆ ವಾಣಿಜ್ಯ ದಾವೆಯಲ್ಲಿ 120 ದಿನವೇ ಕೊನೆ. ಅದು ಕಳೆದರೆ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ. ಮಾರ್ಚ್ 1ರಂದು ಸಮನ್ಸ್ ಪಡೆದ ಕಂಪನಿ ಜೂನ್ 21ರಂದು ಕಾಗದದ ಕಟ್ಟು ಹೊತ್ತು ವಕೀಲರ ಬಳಿ ಬಂದರೆ, ಉಳಿದಿರುವುದು ಎಂಟು ದಿನ. ಜೂನ್ 29 ದಾಟಿದರೆ ಎದುರಾಳಿ ಒಪ್ಪಿದರೂ ನ್ಯಾಯಾಧೀಶರು ಅದನ್ನು ತೆಗೆದುಕೊಳ್ಳುವಂತಿಲ್ಲ. ಡೀಲ್‌ನ ಶುಕ್ರವಾರಕ್ಕಿಂತ ಇದು ಎಷ್ಟೋ ಕಠಿಣ.

‘ವಾದ ಮಾಡುವುದೆಂದರೆ ಇಷ್ಟ’ ಎಂಬ ಕಾರಣ ಕೇಳಲು ಚೆನ್ನ, ಆದರೆ ಅದಕ್ಕೂ ಮರುಪ್ರಶ್ನೆ ಸಿದ್ಧವಾಗಿರುತ್ತದೆ. ಫರ್ಮ್‌ನ ವ್ಯಾಜ್ಯ ತಂಡದಲ್ಲಿ ದೊಡ್ಡ ಕೇಸುಗಳನ್ನು ವಾದಿಸುವವರು ಹೆಚ್ಚಾಗಿ ಹೊರಗಿನ ಹಿರಿಯ ವಕೀಲರು. ಅಸೋಸಿಯೇಟ್ ಘಟನೆಗಳ ದಿನಾಂಕಪಟ್ಟಿ ಮಾಡುತ್ತಾರೆ, ಅರ್ಜಿಯ ಕರಡು ಬರೆಯುತ್ತಾರೆ, ತೀರ್ಪುಗಳ ಕಟ್ಟು ಜೋಡಿಸುತ್ತಾರೆ, ಹಿರಿಯರಿಗೆ ಕೇಸನ್ನು ವಿವರಿಸಿ ಅವರ ಹಿಂದೆ ಕೂರುತ್ತಾರೆ. ಸಿಟಿ ಸಿವಿಲ್ ಕೋರ್ಟಿನಲ್ಲಿ ಕೆಲಸವಿರುವ ಒಬ್ಬ ವಕೀಲರ ಕಚೇರಿ ಸೇರಿದ ಜೂನಿಯರ್‌ಗೆ ಎದ್ದು ನಿಲ್ಲುವ, ಸಾಕ್ಷಿಯನ್ನು ಪ್ರಶ್ನಿಸುವ ಅವಕಾಶ ಬೇಗ ಸಿಗುತ್ತದೆ. ನಿಂತು ಮಾತಾಡುವುದಷ್ಟೇ ಬೇಕಿದ್ದರೆ ಅದೇ ಸರಿಯಾದ ಜಾಗ ಎಂದು ಪಾರ್ಟ್ನರ್‌ಗಳೇ ಹೇಳಿಬಿಡುತ್ತಾರೆ.

ನಿಲ್ಲುವ ಕಾರಣ ಕೆಲಸದ ಸ್ವಭಾವದಿಂದ ಬಂದಿರುತ್ತದೆ. ಡೀಲ್ ವಕೀಲರು ಮುಂದೆ ಏನಾಗಬಹುದೆಂದು ಊಹಿಸಿ ಬರೆಯುತ್ತಾರೆ. ವ್ಯಾಜ್ಯದ ವಕೀಲರ ಎದುರಿಗಿರುವುದು ಆಗಿಹೋದ ಘಟನೆ, ಅದರ ಬಗ್ಗೆ ಎರಡು ಬೇರೆ ಬೇರೆ ಕತೆಗಳು. ಮೇಲಿನ ಸ್ಟಾರ್ಟ್‌ಅಪ್ ‘ನಮ್ಮ ಮೇಲೆ ಯಾವ ತೆರಿಗೆ ಬಾಕಿಯೂ ಇಲ್ಲ’ ಎಂದು ಹೂಡಿಕೆದಾರರಿಗೆ ಬರೆದುಕೊಟ್ಟು, ವರ್ಷದ ಬಳಿಕ ನೋಟಿಸ್ ಬಂತೆನ್ನೋಣ. ಬಾಕಿ ಇದೆಯೆಂದು ಕಂಪನಿಗೆ ಮೊದಲೇ ಗೊತ್ತಿತ್ತೇ? ಹೂಡಿಕೆದಾರರಿಗೆ ಡ್ಯೂ ಡಿಲಿಜೆನ್ಸ್‌ನಲ್ಲಿ ಅದು ಕಂಡಿತ್ತೇ? ಪರಿಹಾರ ಕೇಳಲು ಒಪ್ಪಂದ ಹಾಕಿದ ಕಾಲಮಿತಿಯೊಳಗೆ ಪತ್ರ ಹೋಯಿತೇ? ಈಮೇಲ್‌ಗಳಿಂದ, ಸಭೆಯ ನಡಾವಳಿಗಳಿಂದ ಇದನ್ನು ಬಿಡಿಸಿ ಸಾಬೀತು ಮಾಡುವುದೇ ತನಗೆ ಹಿಡಿಸಿದ ಕೆಲಸ ಎಂದು ಹೇಳಿ, ಇಂಟರ್ನ್‌ಶಿಪ್‌ನಲ್ಲಿ ತಾನು ಮಾಡಿದ ಒಂದು ದಿನಾಂಕಪಟ್ಟಿಯ ವಿವರವನ್ನು ಕಕ್ಷಿದಾರರ ಹೆಸರೆತ್ತದೆ ಮುಂದಿಟ್ಟರೆ, ಒಲವು ನಿಜವೆಂದು ಪಾರ್ಟ್ನರ್‌ಗಳಿಗೆ ಗೊತ್ತಾಗುತ್ತದೆ. ಫರ್ಮ್ ಏಕೆ ಎಂಬುದಕ್ಕೂ ಉತ್ತರ ಅಲ್ಲೇ ಇದೆ: ಇಂಥ ವ್ಯಾಜ್ಯಗಳ ಬೇರು ಡೀಲ್‌ನ ಕಾಗದಗಳಲ್ಲೇ ಇರುವುದರಿಂದ, ಅವನ್ನು ಬರೆಯುವವರ ಪಕ್ಕದಲ್ಲಿ ಕೂತು ಕಲಿಯುವುದು ಬೇರೆಡೆ ಸಿಗದು.

ಹಣದ ಮಾತನ್ನು ಅಭ್ಯರ್ಥಿಗಳು ಎತ್ತುವುದಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಅದು ಇರುತ್ತದೆ. ಜೂನಿಯರ್ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ. ದೊಡ್ಡ ಫರ್ಮ್‌ಗಳ ಆರಂಭದ ಸಂಬಳ ಇದರ ಹಲವು ಪಟ್ಟು. ಶಿಕ್ಷಣ ಸಾಲ ತೀರಿಸಬೇಕಾದವರು ಕೆಲವು ವರ್ಷ ಫರ್ಮ್‌ನಲ್ಲಿದ್ದು ಆಮೇಲೆ ಸ್ವತಂತ್ರ ವಕೀಲಿಕೆಗೆ ಇಳಿಯುವುದು ಹೊಸತಲ್ಲ, ಪಾರ್ಟ್ನರ್‌ಗಳಿಗೂ ಇದು ಗೊತ್ತು.

ಆಯ್ಕೆಯಾದವರು ಆಫರ್ ಪತ್ರದಲ್ಲಿ ಮೊದಲು ನೋಡಬೇಕಾದದ್ದು ತಂಡದ ಹೆಸರು. ಕೆಲವು ಫರ್ಮ್‌ಗಳು ತಂಡವನ್ನು ಸೇರುವ ಹೊತ್ತಿಗೆ ನಿರ್ಧರಿಸುತ್ತವೆ, ಆಗ ವ್ಯಾಜ್ಯ ಬಯಸಿದವರು ಡೀಲ್ ತಂಡಕ್ಕೆ ಬೀಳಬಹುದು. ಪತ್ರದಲ್ಲಿ ತಂಡದ ಹೆಸರಿಲ್ಲದಿದ್ದರೆ ಸಹಿಗೆ ಮುನ್ನ ಕೇಳಿ ತಿಳಿಯುವುದು ತಪ್ಪಲ್ಲ. ಪದವಿ ಕೈಗೆ ಬಂದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿ ಸನ್ನದು ಪಡೆಯಬೇಕು, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಕೋರ್ಟಿನ ಕಡೆ ಒಲವಿರುವವರು ನೋಂದಣಿಯನ್ನು ಮುಂದೂಡದಿರಲು ಇನ್ನೊಂದು ಕಾರಣವಿದೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಾಗ, ಆ ಮೂರು ವರ್ಷವನ್ನು ತಾತ್ಕಾಲಿಕ ನೋಂದಣಿಯ ದಿನದಿಂದಲೇ ಲೆಕ್ಕ ಹಾಕಬೇಕೆಂದಿತು.