ಬೀಗ ಇದೆ, ಆದರೆ ಬಾಗಿಲು ಯಾರದ್ದು?

ದೋಹಾದ ಅಲ್ ಅಜೀಜಿಯಾದಲ್ಲಿ ನಾಲ್ವರು ಕನ್ನಡಿಗರು ಒಂದೇ ಮನೆ, ಒಂದೇ ವೈಫೈ ಹಂಚಿಕೊಂಡಿದ್ದಾರೆ ಎಂದುಕೊಳ್ಳಿ. ಅವರಲ್ಲಿ ರವಿ ಎಂಬವನು ಊರಿನ ಬ್ಯಾಂಕಿನ ಖಾತೆಗೆ ಲಾಗಿನ್ ಆಗುತ್ತಾನೆ. ಬರೀ ಎಚ್‌ಟಿಟಿಪಿ ಆಗಿದ್ದರೆ ರೂಟರ್ ಹಿಡಿತದಲ್ಲಿರುವವನಿಗೆ ಕಾಣುವುದು ಇದು:

```
POST /login HTTP/1.1
Host: bank.example
Content-Type: application/x-www-form-urlencoded
Content-Length: 18

user=ravi&pin=4821
```

ಎಚ್‌ಟಿಟಿಪಿಎಸ್‌ನಲ್ಲೂ ಇದೇ ಸಾಲುಗಳು ಹೋಗುತ್ತವೆ. ಆದರೆ ಅದಕ್ಕೂ ಮೊದಲು ಟಿಎಲ್‌ಎಸ್ ಹ್ಯಾಂಡ್‌ಶೇಕ್ ನಡೆದು, ಆಮೇಲಿನದ್ದೆಲ್ಲ ಗೂಢಲಿಪಿಯಾಗುತ್ತದೆ.

ತಪ್ಪು ಕಲ್ಪನೆ: ಗುಟ್ಟಿನ ಕೀಲಿಯೂ ಅದೇ ವೈಫೈನಲ್ಲಿ ಹೋಗುತ್ತದೆ, ಅದನ್ನೂ ಕದಿಯಬಹುದು.

ಸತ್ಯ: ಕೀಲಿ ಹೋಗುವುದೇ ಇಲ್ಲ. ಸಣ್ಣ ಲೆಕ್ಕ ನೋಡಿ. 23 ಮತ್ತು 5 ಎಲ್ಲರಿಗೂ ಗೊತ್ತಿರುವ ಸಂಖ್ಯೆಗಳು. ಫೋನ್ 6 ಎಂಬ ಸಂಖ್ಯೆಯನ್ನು ಬಚ್ಚಿಟ್ಟುಕೊಂಡು, ಆರು 5ಗಳನ್ನು ಒಂದಕ್ಕೊಂದು ಗುಣಿಸಿ, 23ರಿಂದ ಭಾಗಿಸಿದಾಗ ಉಳಿಯುವ 8ನ್ನು ಕಳಿಸುತ್ತದೆ. ಸರ್ವರ್ 15ನ್ನು ಬಚ್ಚಿಟ್ಟು, ಹೀಗೆಯೇ ಲೆಕ್ಕಹಾಕಿ 19 ಕಳಿಸುತ್ತದೆ. ಈಗ ಫೋನ್ ಆರು 19ಗಳನ್ನು, ಸರ್ವರ್ ಹದಿನೈದು 8ಗಳನ್ನು ಒಂದಕ್ಕೊಂದು ಗುಣಿಸಿ 23ರಿಂದ ಭಾಗಿಸಿದರೆ, ಎರಡೂ ಕಡೆ ಉಳಿಯುವುದು 2. ಕೀಲಿ ಹುಟ್ಟುವುದು ಆ 2ರಿಂದ. ದಾರಿಯಲ್ಲಿ ಕಂಡದ್ದು 8 ಮತ್ತು 19 ಮಾತ್ರ. ಇಷ್ಟು ಚಿಕ್ಕ ಸಂಖ್ಯೆಗಳಾದರೆ ಗುಟ್ಟನ್ನು ಊಹಿಸಬಹುದು. ನಿಜವಾದ ಸಂಖ್ಯೆಗಳು ಎಪ್ಪತ್ತಕ್ಕೂ ಹೆಚ್ಚು ಅಂಕಿಗಳಷ್ಟು ಉದ್ದವಿರುತ್ತವೆ.

ತಪ್ಪು ಕಲ್ಪನೆ: ನಡುವೆ ಕುಳಿತವನು ತಾನೇ ಬ್ಯಾಂಕ್ ಎಂದು 19ರ ಬದಲು ತನ್ನ ಸಂಖ್ಯೆ ಕಳಿಸಿದರೆ ಎಲ್ಲ ಮುಗಿಯಿತು.

ಸತ್ಯ: ಸರ್ಟಿಫಿಕೇಟ್ ಇರುವುದು ಇದಕ್ಕಾಗಿಯೇ. ಅದರಲ್ಲಿ ತಾಣದ ಹೆಸರು, ಅದರ ಸಾರ್ವಜನಿಕ ಕೀಲಿ, ಫೋನ್ ಮೊದಲೇ ನಂಬಿರುವ ಪ್ರಾಧಿಕಾರದವರೆಗೆ ಹೋಗುವ ಸಹಿ ಇರುತ್ತವೆ. ಸರ್ಟಿಫಿಕೇಟಿನ ನಕಲು ಯಾರಿಗೆ ಬೇಕಾದರೂ ಸಿಗುತ್ತದೆ. ಹಾಗಾಗಿ ಸರ್ವರ್ ಈವರೆಗಿನ ಇಡೀ ಮಾತುಕತೆಗೆ ತನ್ನ ಖಾಸಗಿ ಕೀಲಿಯಿಂದ ಸಹಿ ಹಾಕಬೇಕು. ಸಂಖ್ಯೆ ಬದಲಾಗಿದ್ದರೆ ಸಹಿ ಹೊಂದುವುದಿಲ್ಲ, ಸಂಪರ್ಕ ಕಡಿಯುತ್ತದೆ. ನಕಲಿ ಸರ್ಟಿಫಿಕೇಟ್ ಕೊಟ್ಟರೆ ಬ್ರೌಸರ್ ಎಚ್ಚರಿಕೆಯ ಪುಟ ತೋರಿಸುತ್ತದೆ. ಎಚ್ಚರಿಕೆಯನ್ನು ದಾಟಿ ಮುಂದೆ ಹೋದರೆ, ಅಥವಾ ಯಾರೋ ಹೇಳಿದರೆಂದು ಫೋನಿಗೆ ಅಪರಿಚಿತ ರೂಟ್ ಸರ್ಟಿಫಿಕೇಟ್ ಹಾಕಿಕೊಂಡರೆ, ಈ ಕಾವಲು ಬಿದ್ದುಹೋಗುತ್ತದೆ.

ತಪ್ಪು ಕಲ್ಪನೆ: ಬೀಗದ ಗುರುತಿದ್ದರೆ ತಾಣ ಪ್ರಾಮಾಣಿಕ, ನಾನು ಎಲ್ಲಿಗೆ ಹೋದೆ ಎಂಬುದೂ ಗುಟ್ಟು.

ಸತ್ಯ: ಹೆಚ್ಚಿನ ಸರ್ಟಿಫಿಕೇಟ್‌ಗಳು ಹೇಳುವುದು ಆ ಹೆಸರು ಯಾರ ಹಿಡಿತದಲ್ಲಿದೆಯೋ ಅವರ ಸರ್ವರ್ ಇದು ಎಂದಷ್ಟೇ. ಬ್ಯಾಂಕಿನ ಹೆಸರಿಗೆ ಒಂದಕ್ಷರ ಸೇರಿಸಿ ತಾಣ ತೆರೆದ ಮೋಸಗಾರನಿಗೂ ಅದು ಉಚಿತವಾಗಿ ಸಿಗುತ್ತದೆ. ಈ ಗೊಂದಲದಿಂದಾಗಿಯೇ ಕ್ರೋಮ್ 2023ರಲ್ಲಿ ವಿಳಾಸಪಟ್ಟಿಯ ಬೀಗದ ಚಿತ್ರವನ್ನು ತೆಗೆಯಿತು. ಇನ್ನು, ಹ್ಯಾಂಡ್‌ಶೇಕ್‌ನ ಮೊದಲ ಸಂದೇಶದಲ್ಲಿ ತಾಣದ ಹೆಸರು ಸಾಮಾನ್ಯವಾಗಿ ಬಯಲಾಗಿಯೇ ಹೋಗುತ್ತದೆ. ರವಿ ಬ್ಯಾಂಕಿಗೆ ಹೋದದ್ದು ರೂಟರಿಗೆ ಗೊತ್ತಾಗುತ್ತದೆ, ಪಿನ್ ಗೊತ್ತಾಗುವುದಿಲ್ಲ.

ಆದ್ದರಿಂದ ಪಿನ್ ಒತ್ತುವ ಮೊದಲು ವಿಳಾಸದ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಆ ಕೆಲಸವನ್ನು ಟಿಎಲ್‌ಎಸ್ ನಿಮಗೇ ಬಿಟ್ಟಿದೆ.