ಹಾಸ್ಟೆಲ್‌ನಲ್ಲಿ ಲೂಸ್ ಮೋಷನ್: ಶೀಟ್‌ನಲ್ಲಿ ಏನಿರಬೇಕು, ವರದಿಯಲ್ಲಿ ಏನು ಬರೀಬೇಕು

ಒಂದೇ ಹಾಸ್ಟೆಲ್‌ನಲ್ಲಿ ಒಂದೇ ರಾತ್ರಿ ಹತ್ತಾರು ಜನಕ್ಕೆ ಲೂಸ್ ಮೋಷನ್ ಶುರುವಾದ್ರೆ ವಾಟ್ಸಾಪ್‌ನಲ್ಲಿ ಮೊದಲು ಬೀಳೋ ಮೆಸೇಜ್ "ಮೆಸ್ ಇಡ್ಲಿದೇ ಕೆಲಸ" ಅಂತ. ಆರೋಗ್ಯ ಇಲಾಖೆಯವರು ಕೇಳೋದು ಬೇರೆ: ಲೈನ್ ಲಿಸ್ಟ್. ಅಂದ್ರೆ ಒಬ್ಬ ರೋಗಿಗೆ ಒಂದು ಸಾಲು ಇರುವ ಪಟ್ಟಿ, ಅಷ್ಟೇ. ಸುಸ್ತಾಗಿ ಬಿದ್ದವರನ್ನು, ರಕ್ತ ಹೋಗ್ತಿರೋರನ್ನು ಮೊದಲು ಡಾಕ್ಟರ್ ಹತ್ರ ಕಳಿಸಿ, ಆಮೇಲೆ ಶೀಟ್.

```
id,room,age,sex,onset,loose_24h,vomit,fever,blood,mess,water,sample,outcome
```

ಹೆಸರು ಬೇಡ, id ಸಾಕು. ಯಾವ id ಯಾರದ್ದು ಅನ್ನೋದು ವಾರ್ಡನ್ ಹತ್ರ ಮಾತ್ರ ಇರಲಿ.

ಯಾರನ್ನು ಸೇರಿಸಬೇಕು ಅಂತ ಮೊದಲೇ ಒಂದು ವಾಕ್ಯ ಬರೆದಿಡಿ: "ಬಿ ಬ್ಲಾಕ್ ವಾಸಿ, ಶನಿವಾರದಿಂದ ಈಚೆಗೆ, 24 ಗಂಟೆಯಲ್ಲಿ 3 ಅಥವಾ ಹೆಚ್ಚು ಸಲ ನೀರಾಗಿ ಭೇದಿ." ಇಲ್ಲಾಂದ್ರೆ ಹೊಟ್ಟೆ ಗುಡುಗುಟ್ಟಿದವರೆಲ್ಲ ಪಟ್ಟಿಗೆ ಬರ್ತಾರೆ.

ಎಲ್ಲಕ್ಕಿಂತ ಮುಖ್ಯ onset, ಅಂದ್ರೆ ಮೊದಲ ಸಲ ಭೇದಿ ಆದ ದಿನ ಮತ್ತು ಗಂಟೆ. ನಾವೆಲ್ಲ ಮಾಡೋದು ಗೂಗಲ್ ಫಾರ್ಮ್ ತಾನೇ? ಅದು ತಾನಾಗೇ ಹಾಕೋ ಟೈಮ್‌ಸ್ಟ್ಯಾಂಪ್ ಫಾರ್ಮ್ ತುಂಬಿದ ಹೊತ್ತು, ಕಾಯಿಲೆ ಶುರುವಾದ ಹೊತ್ತಲ್ಲ. ಒಂದು ಕಾಲ್ಪನಿಕ ಉದಾಹರಣೆ ನೋಡಿ. ಸೋಮವಾರ ಬೆಳಿಗ್ಗೆ 10ಕ್ಕೆ 14 ಜನ ಫಾರ್ಮ್ ತುಂಬಿದ್ರು. ಟೈಮ್‌ಸ್ಟ್ಯಾಂಪ್ ನೋಡಿದ್ರೆ ಬೆಳಗಿನ ತಿಂಡಿಯೇ ಅಪರಾಧಿ. ಕೇಳಿ onset ಬರೆದುಕೊಂಡಾಗ ಎಲ್ಲರದ್ದೂ ಭಾನುವಾರ ರಾತ್ರಿ 11ರಿಂದ ಬೆಳಿಗ್ಗೆ 7ರ ಒಳಗೆ. ತಿಂಡಿ ಬಡಿಸಿದ್ದೇ ಏಳೂವರೆಗೆ! ಇಡ್ಲಿ ಬಚಾವ್. ಇನ್ನು mess ಕಾಲಂ: 5 ಜನ ಶನಿವಾರದಿಂದ ಮೆಸ್ ಕಡೆ ಹೋಗೇ ಇಲ್ಲ. water ಕಾಲಂ: 13 ಜನ ಕುಡಿದದ್ದು ಎರಡನೇ ಮಹಡಿಯ ಕೂಲರ್ ನೀರು.

ಹಾಗಂತ ಕೂಲರ್ ಅಂತ ತೀರ್ಪು ಕೊಡಬೇಡಿ. ಈ ಪಟ್ಟಿಯಲ್ಲಿ ಹುಷಾರಿಲ್ಲದವರು ಮಾತ್ರ ಇದ್ದಾರೆ. ಅದೇ ಮಹಡಿಯಲ್ಲಿ ಚೆನ್ನಾಗಿರೋರೂ ಅಷ್ಟೇ ಪ್ರಮಾಣದಲ್ಲಿ ಆ ನೀರು ಕುಡಿದಿದ್ರೆ ಕೂಲರ್ ಬಗ್ಗೆ ನಮಗೆ ಏನೂ ಗೊತ್ತಾದಂತಾಗಲಿಲ್ಲ. ಅವರನ್ನೂ ಕೇಳಬೇಕು. ಅಲ್ಲಿವರೆಗೆ ಕೂಲರ್ ಬಂದ್ ಮಾಡಿ, ಆದ್ರೆ ತೊಳೀಬೇಡಿ. ತೊಳೆದ್ರೆ ಸ್ಯಾಂಪಲ್‌ಗೆ ಏನೂ ಉಳಿಯಲ್ಲ. ಮಲದ ಸ್ಯಾಂಪಲ್ ಕೂಡ ಆದಷ್ಟು ಆಂಟಿಬಯೋಟಿಕ್ ಶುರುವಾಗೋ ಮುಂಚೆ ತೆಗೆದ್ರೆ ಒಳ್ಳೇದು.

ಮೊದಲ ವರದಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ವಾರ್ಡನ್ ಮೂಲಕ ಅವತ್ತೇ ಹೋಗಬೇಕು, ಶೀಟ್ ಪೂರ್ತಿ ಆಗ್ಲಿ ಅಂತ ಕಾಯೋದು ಬೇಡ. ಹೀಗೆ ಬರೆದ್ರೆ ಸಾಕು:

"ಬಿ ಬ್ಲಾಕ್ ಹಾಸ್ಟೆಲ್‌ನ 180 ವಾಸಿಗಳಲ್ಲಿ ಸೋಮವಾರ ಬೆಳಿಗ್ಗೆ 10ರವರೆಗೆ 14 ಮಂದಿಗೆ ಭೇದಿ ಆಗಿರುವುದು ತಿಳಿದುಬಂದಿದೆ. ಮೊದಲ ಪ್ರಕರಣ ಶುರುವಾದದ್ದು ಭಾನುವಾರ ರಾತ್ರಿ 11ಕ್ಕೆ. 6 ಮಂದಿಗೆ ವಾಂತಿ ಇದೆ, ಯಾರಿಗೂ ರಕ್ತಭೇದಿ ಇಲ್ಲ. 2 ಮಂದಿ ಆಸ್ಪತ್ರೆಯಲ್ಲಿದ್ದಾರೆ, ಸಾವು ಇಲ್ಲ. ಕಾರಣ ಇನ್ನೂ ತಿಳಿದಿಲ್ಲ. ಎರಡನೇ ಮಹಡಿಯ ಕೂಲರ್ ಬಳಕೆ ನಿಲ್ಲಿಸಲಾಗಿದೆ, ಸ್ವಚ್ಛಗೊಳಿಸಿಲ್ಲ. ನೀರು ಮತ್ತು ಮಲದ ಸ್ಯಾಂಪಲ್ ತೆಗೆಯಲು ಕೋರುತ್ತೇವೆ. ಲೈನ್ ಲಿಸ್ಟ್ ಲಗತ್ತಿಸಿದೆ."

ಕೆಳಗೆ ವಾರ್ಡನ್ ಫೋನ್ ನಂಬರ್. "ಫುಡ್ ಪಾಯ್ಸನಿಂಗ್" ಅನ್ನೋ ಪದ ಎಲ್ಲೂ ಇಲ್ಲ, ಗಮನಿಸಿ. ಅದನ್ನ ಬರೆದ್ರೆ ಬಂದವರು ನೇರ ಅಡುಗೆಮನೆಗೆ ಹೋಗ್ತಾರೆ, ಕೂಲರ್ ಹಂಗೇ ಉಳಿಯುತ್ತೆ.